ಬೆಳಗಿನ ಎಂಟು ಗಂಟೆಯ ಕೆಲಸ

ಕೇಳುಗರಿಗೆ ನಮಸ್ಕಾರ. ಬೆನ್ನುಹುರಿಗೆ ಪೆಟ್ಟು ಬಿದ್ದವರ ಮನೆಗಳಿಗೆ ಹೋಗಿ ಆರೈಕೆಯ ಕ್ರಮ ಕಲಿಸುವುದು ನನ್ನ ಕೆಲಸ. ಇವತ್ತು ಮಲವಿಸರ್ಜನೆಯ ವಿಷಯ ಹೇಳುತ್ತೇನೆ. ಮಾತನಾಡಲು ಸಂಕೋಚಪಡುವ ವಿಷಯ ಇದು. ಅದೇ ಸಂಕೋಚದಿಂದ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ.

ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ 34 ವರ್ಷದ ಒಬ್ಬರಿದ್ದಾರೆ. ತೆಂಗಿನ ಮರ ಹತ್ತಿ ಕಾಯಿ ಕೀಳುವುದು ಅವರ ಕಸುಬಾಗಿತ್ತು. ಮರದಿಂದ ಬಿದ್ದು ಎದೆಭಾಗದ ಹತ್ತನೆಯ ಬೆನ್ನೆಲುಬು ಮುರಿಯಿತು. ಹೊಕ್ಕುಳಿನಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು, ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ಹೇಳಿಕೊಟ್ಟರು. ಹೊಟ್ಟೆ ಖಾಲಿ ಮಾಡುವ ಬಗೆಯನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಬಿದ್ದ ಐದು ತಿಂಗಳ ನಂತರ ನಾನು ಹೋದಾಗ ಅವರ ಪತ್ನಿ ಹೇಳಿದ ಮೊದಲ ಮಾತು, "ನಾಲ್ಕು ದಿನದಿಂದ ಭೇದಿ ನಿಲ್ಲುತ್ತಿಲ್ಲ ಅಕ್ಕ" ಎಂದು. ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ಕೊಟ್ಟಿದ್ದರು. ಬಟ್ಟೆ ಕೆಡುವ ಭಯಕ್ಕೆ ಆತ ಒಂದೇ ಹೊತ್ತು ಉಣ್ಣುತ್ತಿದ್ದರು, ನೀರನ್ನೂ ಕಡಿಮೆ ಮಾಡಿದ್ದರು. ಹೊಟ್ಟೆ ಮುಟ್ಟಿ ನೋಡಿದರೆ ಎಡಭಾಗದಲ್ಲಿ ಗಟ್ಟಿ ಉಂಡೆಗಳು ಕೈಗೆ ಸಿಕ್ಕವು. ಅದು ಭೇದಿಯಲ್ಲ, ಮಲಬದ್ಧತೆ. ಕೆಳಗೆ ಮಲ ಕಲ್ಲಿನಂತೆ ಕಟ್ಟಿಕೊಂಡಾಗ ಮೇಲಿನ ನೀರುಮಲ ಅದರ ಪಕ್ಕದಿಂದ ಜಿನುಗುತ್ತದೆ. ಹಲವು ದಿನ ಸರಿಯಾಗಿ ಆಗದೆ ಆಮೇಲೆ ಸ್ವಲ್ಪ ಸ್ವಲ್ಪವೇ ನೀರಾಗಿ ಸೋರುತ್ತಿದ್ದರೆ ಮೊದಲು ಇದನ್ನೇ ಸಂದೇಹಿಸಬೇಕು. ಭೇದಿ ನಿಲ್ಲಿಸುವ ಮಾತ್ರೆ ಕಟ್ಟಿಕೊಂಡದ್ದನ್ನು ಇನ್ನಷ್ಟು ಬಿಗಿಮಾಡುತ್ತದೆ. ವೈದ್ಯರನ್ನು ಕೇಳಿ ಎನಿಮಾ ಕೊಟ್ಟು, ಮಲ ಮೆತ್ತಗಾಗುವ ಔಷಧಿ ಕೊಟ್ಟು, ಎರಡು ದಿನದಲ್ಲಿ ಹೊಟ್ಟೆ ತೆರವು ಮಾಡಿದೆವು. ತುಂಬಿದ ಹೊಟ್ಟೆಯ ಮೇಲೆ ಯಾವ ಕ್ರಮವನ್ನೂ ಶುರು ಮಾಡಲಾಗದು.

ಈಗ ಒಳಗೆ ಏನಾಗಿದೆ ಎಂಬುದನ್ನು ಸ್ವಲ್ಪ ತಿಳಿಯಬೇಕು. ಮಲವನ್ನು ಹೊರದಬ್ಬುವ ನರಗಳು ಬೆನ್ನುಹುರಿಯ ತೀರಾ ಕೆಳತುದಿಯಿಂದ ಹೊರಡುತ್ತವೆ. ಇವರ ಪೆಟ್ಟು ಅದಕ್ಕಿಂತ ಮೇಲಿದೆ. ಮೆದುಳಿನ ಮಾತು ಕೆಳಗೆ ತಲುಪುವುದಿಲ್ಲ, ಆದರೆ ಕೆಳತುದಿಗೂ ಗುದನಾಳಕ್ಕೂ ಇರುವ ಸಂಪರ್ಕ ಉಳಿದಿದೆ. ಗುದನಾಳದ ಗೋಡೆಯನ್ನು ಮುಟ್ಟಿ ಪ್ರಚೋದಿಸಿದರೆ ಅದು ತಾನಾಗಿಯೇ ಹಿಂಡಿ ಹೊರಹಾಕುತ್ತದೆ. ನಮ್ಮ ಕ್ರಮವೆಲ್ಲ ನಿಂತಿರುವುದು ಈ ಒಂದು ಪ್ರತಿಕ್ರಿಯೆಯ ಮೇಲೆ.

ಹೊತ್ತು ಬೆಳಗಿನ ಎಂಟು ಗಂಟೆ ಎಂದು ನಿಶ್ಚಯಿಸಿದೆವು, ಏಕೆಂದರೆ ಪತ್ನಿ ಡೇರಿಗೆ ಹಾಲು ಹಾಕಿ ಬರುವುದು ಏಳೂವರೆಗೆ. ಅವರು ಬಂದ ಕೂಡಲೇ ಆತ ತಿಂಡಿ ತಿಂದು ಬಿಸಿ ಕಾಫಿ ಕುಡಿಯುತ್ತಾರೆ. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ಚುರುಕಾಗುತ್ತದೆ, ಆ ಅಲೆ ಇರುವಾಗಲೇ ಕೆಲಸ ಶುರುವಾಗಬೇಕು. ಎಡಮಗ್ಗುಲಿಗೆ ಮಲಗಿಸಿ, ಗ್ಲೌಸ್ ತೊಟ್ಟು, ಜೆಲ್ಲಿ ಸವರಿದ ಬೆರಳಿನಿಂದ ಕೆಳಗಿರುವ ಮಲವನ್ನು ಮೊದಲು ತೆಗೆಯಬೇಕು. ತೆಂಗಿನ ನಾಡಿನಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಅದು ಬೇಡ, ಎಣ್ಣೆಗೆ ರಬ್ಬರ್ ಗ್ಲೌಸ್ ಸಡಿಲಗೊಂಡು ಹರಿಯುತ್ತದೆ. ನಂತರ 10 ಮಿಲಿಗ್ರಾಂ ಬೈಸಾಕೋಡಿಲ್ ಸಪೋಸಿಟರಿಯನ್ನು, ಎಂದರೆ ಗುದದ್ವಾರದ ಮೂಲಕ ಒಳಗಿಡುವ ಗುಳಿಗೆಯನ್ನು, ಗುದನಾಳದ ಗೋಡೆಗೆ ತಾಗುವಂತೆ ಇಡಬೇಕು. ಹದಿನೈದು ಇಪ್ಪತ್ತು ನಿಮಿಷ ಕಾದು, ನಡುವೆ ತೂತಿರುವ ಮೆತ್ತನೆಯ ಕುರ್ಚಿಗೆ ಕೂರಿಸಬೇಕು. ಆಮೇಲೆ ಬೆರಳನ್ನು ಒಳಗಿಟ್ಟು, ಗೋಡೆಗೆ ಒತ್ತಿಕೊಂಡು, ಮೃದುವಾಗಿ ಗುಂಡಗೆ ಹದಿನೈದು ಇಪ್ಪತ್ತು ಸೆಕೆಂಡು ತಿರುಗಿಸಬೇಕು. ಗುದದ ಬಿಗಿ ಸಡಿಲವಾಗಿ ಮಲ ಬರುತ್ತದೆ. ಐದರಿಂದ ಹತ್ತು ನಿಮಿಷಕ್ಕೊಮ್ಮೆ ಮತ್ತೆ ಹಾಗೆಯೇ ಮಾಡಬೇಕು. ಉಗುರು ಕತ್ತರಿಸಿರಬೇಕು. ಅವರಿಗೆ ನೋವು ಗೊತ್ತಾಗುವುದಿಲ್ಲ, ಆದ್ದರಿಂದ ಗಾಯವಾದರೂ ಅವರು ಹೇಳಲಾರರು. ಗ್ಲೌಸಿನ ಮೇಲೆ ರಕ್ತ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮುಗಿಯಿತು ಎಂದು ತಿಳಿಯುವುದು ಹೇಗೆ? ಹತ್ತು ನಿಮಿಷದ ಅಂತರದಲ್ಲಿ ಎರಡು ಬಾರಿ ಬೆರಳಾಡಿಸಿದರೂ ಏನೂ ಬಾರದಿದ್ದರೆ, ಅಥವಾ ಬರೀ ಲೋಳೆ ಬಂದರೆ, ಅಥವಾ ಗುದನಾಳ ಬೆರಳಿನ ಸುತ್ತ ಬಿಗಿದುಕೊಂಡರೆ ಒಳಗೆ ಖಾಲಿಯಾಗಿದೆ. ಒಟ್ಟು ಒಂದು ಗಂಟೆಯ ಒಳಗೆ ಆಗಬೇಕು. ಅದಕ್ಕಿಂತ ಹೆಚ್ಚು ಹೊತ್ತು ಕೂತರೆ ಪೃಷ್ಠದ ಚರ್ಮ ಒತ್ತಡಕ್ಕೆ ಸಿಕ್ಕಿ ಹುಣ್ಣಾಗಬಹುದು. ಮಲಗಿಸಿದ ಮೇಲೆ ಅಲ್ಲಿ ಕೆಂಪು ಗುರುತು ಇದೆಯೇ ಎಂದು ನೋಡಿ.

ಮೊದಲ ವಾರ ಇವರಿಗೆ ಒಂದೂವರೆ ಗಂಟೆ ಹಿಡಿಯಿತು, ಮಧ್ಯಾಹ್ನ ಮತ್ತೆ ಸೋರಿಕೆ. ಪತ್ನಿ ಸೋತು ಹೋಗಿದ್ದರು. ನಾನು ಮರುದಿನ ಎದುರಿಗೇ ಕುಳಿತು ನೋಡಿದಾಗ ತಪ್ಪು ಕಂಡಿತು. ಬೇಗ ಮುಗಿಸುವ ಆತುರದಲ್ಲಿ ಅವರು ಮೊದಲು ಮಲ ತೆಗೆಯದೆ, ಗುಳಿಗೆಯನ್ನು ಮಲದೊಳಗೇ ಹುದುಗಿಸುತ್ತಿದ್ದರು. ಗೋಡೆಗೆ ತಾಗದ ಗುಳಿಗೆ ಯಾವ ಕೆಲಸವನ್ನೂ ಮಾಡದು. ಅದೊಂದನ್ನೇ ತಿದ್ದಿದೆವು. ಪ್ರಮಾಣ, ಹೊತ್ತು, ಊಟ ಯಾವುದನ್ನೂ ಮುಟ್ಟಲಿಲ್ಲ. ಒಂದು ಬದಲಾವಣೆ ಮಾಡಿದರೆ ಮೂರರಿಂದ ಐದು ಸಲ ಅದೇ ರೀತಿ ನಡೆಸಿ ನೋಡಬೇಕು. ದಿನಕ್ಕೊಂದು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮಗಳ ಹಳೆಯ ನೋಟ್‌ಬುಕ್‌ನಲ್ಲಿ ಶುರುವಾದ ಹೊತ್ತು, ಮುಗಿದ ಹೊತ್ತು, ಮಲದ ಗಟ್ಟಿತನ, ಸೋರಿಕೆ ಬರೆಯಿಸಿದೆ. ಮೂರನೆಯ ವಾರಕ್ಕೆ ನಲವತ್ತೈದು ನಿಮಿಷಕ್ಕೆ ಇಳಿಯಿತು. ನಂತರ ದಿನಬಿಟ್ಟು ದಿನ ಸಾಕಾಯಿತು.

ರಾಗಿ ಮುದ್ದೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಮುದ್ದೆ, ಸೊಪ್ಪಿನ ಸಾರು ಇರಲಿ. ಆದರೆ ನಾರು ಹೆಚ್ಚಿದರೆ ಎಲ್ಲವೂ ಸರಿಹೋಗುತ್ತದೆಂದು ಒಮ್ಮೆಲೇ ಹೆಚ್ಚಿಸಬೇಡಿ. ನಿಧಾನವಾದ ಕರುಳಿನಲ್ಲಿ, ನೀರು ಕಡಿಮೆಯಿದ್ದರೆ, ಅದೇ ನಾರು ತಂಗಿ ಹೊಟ್ಟೆ ಉಬ್ಬರಿಸುತ್ತದೆ.

ಈ ಕ್ರಮ ಎಲ್ಲರಿಗೂ ಹೊಂದುವುದಿಲ್ಲ. ಪೆಟ್ಟು ಸೊಂಟದ ಕೆಳಭಾಗದಲ್ಲಿ, ನರಗಳ ಗೊಂಚಲಿಗೇ ಬಿದ್ದಿದ್ದರೆ ಆ ಪ್ರತಿಕ್ರಿಯೆಯೇ ಸತ್ತಿರುತ್ತದೆ. ಗುದ ಸಡಿಲವಾಗಿರುತ್ತದೆ, ಬೆರಳಿಗೆ ಬಿಗಿ ಸಿಗುವುದಿಲ್ಲ. ಅಂಥವರಿಗೆ ಬೆರಳಿನಿಂದ ಮಲ ತೆಗೆಯುವುದೇ ದಾರಿ, ಮಲವೂ ತುಸು ಗಟ್ಟಿಯಾಗಿರಬೇಕು. ಪಾರ್ಕಿನ್ಸನ್ ಕಾಯಿಲೆಯ ಹಿರಿಯರಲ್ಲಿ ತೊಂದರೆಯೇ ಬೇರೆ: ಕರುಳು ನಿಧಾನವಾಗುತ್ತದೆ, ಮಲ ಹೊರದಬ್ಬಲು ತಿಣುಕಿದಾಗ ಸಡಿಲವಾಗಬೇಕಾದ ಗುದದ ಸ್ನಾಯು ಬಿಗಿಯುತ್ತದೆ. ಅವರಿಗೆ ತಿಂಡಿಯ ನಂತರ, ಪಾರ್ಕಿನ್ಸನ್ ಮಾತ್ರೆಯ ಪ್ರಭಾವ ಇರುವ ಹೊತ್ತಿನಲ್ಲಿ, ಕಾಲ ಕೆಳಗೆ ಮಣೆ ಇಟ್ಟು ಕೂರಿಸುವುದು, ಮಲ ಮೆತ್ತಗಾಗಲು ವೈದ್ಯರು ಬರೆದ ಪುಡಿಯನ್ನು ನೀರಿನಲ್ಲಿ ದಿನವೂ ಕೊಡುವುದು ಮೊದಲ ಹೆಜ್ಜೆ.

ಎದೆಯ ಮಧ್ಯಭಾಗದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರ ಮನೆಯವರು ಇದನ್ನು ಗಮನವಿಟ್ಟು ಕೇಳಿ. ಬೆರಳಾಡಿಸುವಾಗ ಅವರಿಗೆ ತಲೆ ಸಿಡಿಯುವಂತೆ ನೋವು ಬಂದರೆ, ಮುಖ ಕೆಂಪೇರಿ ಬೆವರಿದರೆ, ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರುತ್ತಿದೆ. ಕೂಡಲೇ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೂತ್ರದ ಕೊಳವೆ ಮಡಚಿಕೊಂಡಿದೆಯೇ ನೋಡಿ, ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಅಂಥವರಲ್ಲಿ ಈ ಕ್ರಮವನ್ನು ಮೊದಲ ಸಲ ವೈದ್ಯರ ಮುಂದೆಯೇ ಶುರು ಮಾಡಬೇಕು.

ಹೋದ ವಾರ ಗುಬ್ಬಿಯ ಆ ಮನೆಗೆ ಹೋಗಿದ್ದೆ. ಆತ ಅಂಗಳದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು ಕೊಬ್ಬರಿ ಒಡೆಯುತ್ತಿದ್ದರು. ಪತ್ನಿಗೆ ಬೆಳಗಿನ ಹೊತ್ತು ಹೊಲದ ಕೆಲಸ ಹೆಚ್ಚಾಗಿದೆ, ಇದನ್ನು ರಾತ್ರಿ ಊಟದ ನಂತರಕ್ಕೆ ಬದಲಿಸಬಹುದೇ ಎಂದು ಕೇಳಿದರು. ಬದಲಿಸಬಹುದು, ಯಾವ ಊಟವಾದರೂ ಕರುಳನ್ನು ಎಬ್ಬಿಸುತ್ತದೆ, ಮೊದಲ ಕೆಲವು ಸಲ ಏರುಪೇರಾಗಬಹುದು ಎಂದೆ. ಮಗಳು ನೋಟ್‌ಬುಕ್‌ನಲ್ಲಿ ಹೊಸ ಪುಟ ತಿರುಗಿಸಿ ರಾತ್ರಿ ಎಂಟೂವರೆ ಎಂದು ಬರೆದಳು.