ಕಾಲು ಕೆಜಿಯ ಕಾಲು ಯಾರದ್ದು?

ಬೆಳಗ್ಗೆ ಸಂತೆಗೆ ಹೋಗಿದ್ದೆ. ನನ್ನ ಮುಂದೆ ನಿಂತಿದ್ದ ಅಜ್ಜ, "ಕಾಲು ಕೆಜಿ ಹುರುಳಿಕಾಯಿ ಕೊಡಮ್ಮ" ಅಂದ್ರು. ಆಕೆ ಎರಡು ಹಿಡಿ ತೆಗೆದು ತಕ್ಕಡಿಗೆ ಹಾಕಿದ್ಲು. ನಾನು ಮಾತ್ರ ಆ ಮಾತಲ್ಲೇ ಸಿಕ್ಕಿಹಾಕ್ಕೊಂಡೆ. ಕಾಲು ಕೆಜಿ. ಯಾರ ಕಾಲು?

ಮಂಚದ ಕಾಲು, ಬೆಟ್ಟದ ನೆತ್ತಿ, ಬಾಟಲಿಯ ಕತ್ತು. ಇವುಗಳ ಒಳಗಿರೋ ಮೈ ನಮಗೆ ಸುಲಭವಾಗಿ ಕಾಣುತ್ತೆ. ಆದರೆ ಕಾಲು ಕೆಜಿಯ ಕಾಲು ನಿಜಕ್ಕೂ ಅಡಗಿ ಕೂತಿದೆ.

ಕೊಟ್ಟಿಗೆಯಲ್ಲಿ ನಿಂತಿರೋ ಹಸುವನ್ನ ಕಣ್ಣ ಮುಂದೆ ತಂದ್ಕೊಳ್ಳಿ. ಇಡೀ ಹಸು ಒಂದು, ಅದಕ್ಕೆ ಕಾಲು ನಾಲ್ಕು. ಹಾಗಾಗಿ ಒಂದು ಕಾಲು ಅಂದ್ರೆ ನಾಲ್ಕರಲ್ಲಿ ಒಂದು ಪಾಲು. ಮೂರು ಕಾಲು ಸೇರಿದ್ರೆ ಮುಕ್ಕಾಲು. ನಮ್ಮನೆ ಹಿತ್ತಿಲಲ್ಲಿ ಮೂರು ಕಾಲಿನ ಒಂದು ಹಳೇ ಪೀಠ ಇದೆ, ಅದು ಮುಕ್ಕಾಲಿ. ಎರಡು ಮಾತಿಗೂ ಕೊನೆಯ ಒಂದು ಸ್ವರದಷ್ಟೇ ವ್ಯತ್ಯಾಸ!

ಸಂಸ್ಕೃತದಲ್ಲೂ ಇದೇ ಕಥೆ. ಪಾದ ಅಂದ್ರೆ ಕಾಲು, ಪಾದ ಅಂದ್ರೆ ನಾಲ್ಕನೇ ಒಂದು ಭಾಗ. ಒಂದೊಂದು ನಕ್ಷತ್ರಕ್ಕೂ ನಾಲ್ಕು ಪಾದ, 27 ನಕ್ಷತ್ರಕ್ಕೆ 108. ಅದೇ ಪಾದ ಬಾಯಿಂದ ಬಾಯಿಗೆ ಸವೆದು ಪಾವು ಆಯ್ತು. ಅಜ್ಜಿ ಅಕ್ಕಿ ಅಳೀತಿದ್ದ ಪಾವು ಒಂದು ಸೇರಿನ ಕಾಲುಭಾಗ. ರೂಪಾಯಿಗೆ 16 ಆಣೆ ಇದ್ದ ಕಾಲದಲ್ಲಿ ನಾಲ್ಕಾಣೆಗೆ ಪಾವಲಿ ಅಂತಿದ್ರು. ಅಕ್ಕಿ ಡಬ್ಬಿಯೊಳಗೂ ಕಾಲು, ಜೇಬಿನೊಳಗೂ ಕಾಲು.

ಕಲಿಯುಗದಲ್ಲಿ ಧರ್ಮ ಒಂಟಿ ಕಾಲಲ್ಲಿ ನಿಂತಿದೆ ಅಂತ ಹಿರಿಯರು ಹೇಳೋದನ್ನ ಕೇಳಿರ್ತೀರಿ. ಅಲ್ಲಿ ಆ ಚಿತ್ರ ಇನ್ನೂ ಉಸಿರಾಡ್ತಿದೆ: ಧರ್ಮ ಅನ್ನೋದು ಒಂದು ಎತ್ತು, ಮೂರು ಕಾಲು ಹೋಗಿದೆ, ಉಳಿದಿರೋದು ಕಾಲುಭಾಗ.

ಹಾಗಾದ್ರೆ ಒಂದು ರೂಪಕ ಸತ್ತಿದೆ ಅಂತ ತಿಳಿಯೋದು ಹೇಗೆ? ಮೂಲ ಚಿತ್ರಕ್ಕೆ ಹೊಂದದ ಲೆಕ್ಕಕ್ಕೂ ನಾವು ಆ ಪದವನ್ನ ಎಗ್ಗಿಲ್ಲದೆ ಬಳಸ್ತೀವಲ್ಲ, ಅಲ್ಲಿ ಗೊತ್ತಾಗುತ್ತೆ. ಶ್ಲೋಕಕ್ಕೆ ನಾಲ್ಕು ಪಾದ, ಸರಿ. ಆದರೆ ಕುಮಾರವ್ಯಾಸ ಬರೆದದ್ದು ಷಟ್ಪದಿಯಲ್ಲಿ, ಅದಕ್ಕೆ ಆರು ಪಾದ! ಒಂದು ಪದ್ಯಕ್ಕೆ ಆರು ಕಾಲುಭಾಗ ಇರೋಕೆ ಸಾಧ್ಯವೇ? ಅಷ್ಟು ಹೊತ್ತಿಗೆ ಪಾದ ಅಂದ್ರೆ ಬರೀ ಸಾಲು ಅಂತಾಗಿತ್ತು. ಹಸುವಿನ ನೆನಪು ಯಾರಿಗೂ ಇರಲಿಲ್ಲ. ನಾವೂ ಹಾಗೇ, ಗಡಿಯಾರ ನೋಡಿ ಒಂಬತ್ತೂಕಾಲು ಅಂತೀವಿ.

ಅಷ್ಟರಲ್ಲಿ ನನ್ನ ಸರದಿ ಬಂತು. ಬುಟ್ಟಿ ತಳದಲ್ಲಿ ಸ್ವಲ್ಪ ಹುರುಳಿಕಾಯಿ ಉಳಿದಿತ್ತು. "ಮುಕ್ಕಾಲು ಕೆಜಿ ಇರ್ಬೋದು, ಅಷ್ಟೂ ಹಾಕ್ಲಾ ಅಕ್ಕ?" ಅಂದ್ಲು. ಹಾಕಮ್ಮ ಅಂತ ಚೀಲ ಹಿಡಿದೆ.