ಅಜ್ಜಿಯ ಕ್ರಿಯಾಪದಕ್ಕೆ ಕೈ ಹಚ್ಚಬೇಡಿ

ಕೇಳುಗರಿಗೆ ನಮಸ್ಕಾರ. ನಮ್ಮ ಕೊಪ್ಪಳ, ರಾಯಚೂರು ಕಡೆ ಹಿರಿಯರ ಮಾತನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವ ವಿದ್ಯಾರ್ಥಿಗಳು, ಮಾಸ್ತರರು ಈಗ ಜಾಸ್ತಿ. ಅದನ್ನು ಬರಹಕ್ಕೆ ಇಳಿಸುವವರಿಗೆ ನಾನು ಹೇಳುವುದು ಒಂದೇ ಮಾತು. ಕ್ರಿಯಾಪದಕ್ಕೆ ಕೈ ಹಚ್ಚಬೇಡಿ.

ತುಂಗಭದ್ರಾ ಡ್ಯಾಮಿನ ಕೆಲಸ 1945ರಲ್ಲಿ ಶುರುವಾಯಿತು, 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಆಗ ಮುಳುಗಿದ ಒಂದು ಊರಿನ ಅಜ್ಜಿಯನ್ನು ಒಬ್ಬ ಹುಡುಗ ಮಾತಾಡಿಸಿದ್ದ. ರೆಕಾರ್ಡಿಂಗ್‌ನಲ್ಲಿ ಅಜ್ಜಿ ಹೇಳಿದ್ದು ಹೀಗಿದೆ:

"ನಾ ಆಗ ಸಣ್ಣಾಕಿ ರೀ. ಏನಪಾ ಅಂದ್ರ, ಊರ ಬಿಡ್ರಿ ಅಂತ ಹೇಳಿದ್ರಂತ. ನಮ್ಮಪ್ಪ ಬ್ಯಾಡಂದ. ಬ್ಯಾಡಂದ. ಆಮ್ಯಾಲ ಬಂಡಿ ಕಟ್ಟಿದ. ಏನಪಾ ಅಂದ್ರ, ಬಾಗಲಾನೂ ಕಿತ್ತು ಹೇರಿಕೊಂಡು ಹೊಂಟ್ವಿ, ಹೊಂಟ್ವಿ, ಹೊಂಟ್ವಿ."

ಹುಡುಗ ಬರೆದದ್ದು: "ಆಗ ನಾನು ಚಿಕ್ಕವಳಾಗಿದ್ದೆ. ಊರು ಬಿಡುವಂತೆ ಸರ್ಕಾರದವರು ತಿಳಿಸಿದರು. ತಂದೆಯವರು ಒಪ್ಪಲಿಲ್ಲ. ನಂತರ ಬಾಗಿಲುಗಳ ಸಮೇತ ಸ್ಥಳಾಂತರಗೊಂಡೆವು."

ಸ್ಥಳಾಂತರಗೊಂಡೆವು! ಇದು ಕಚೇರಿಯ ಮಾತು ಅಲ್ವಾ? ಸರ್ಕಾರದವರು ಎಂದು ಅಜ್ಜಿ ಹೇಳೇ ಇಲ್ಲ. "ಹೇಳಿದ್ರಂತ" ಅಂದರೆ ಆಕೆ ಕಣ್ಣಾರೆ ಕಂಡಿಲ್ಲ, ಮನೆಯವರ ಬಾಯಲ್ಲಿ ಕೇಳಿದ್ದಾಳೆ. "ತಿಳಿಸಿದರು" ಅಂತ ಬರೆದ ಕೂಡಲೇ ಅಜ್ಜಿ ಸಾಕ್ಷಿಯಾಗಿಬಿಟ್ಟಳು. ನಾಳೆ ಇತಿಹಾಸ ಬರೆಯುವವರು ಅದನ್ನೇ ನಂಬುತ್ತಾರೆ. ಎರಡು ಸಲ "ಬ್ಯಾಡಂದ" ಅಂದದ್ದರಲ್ಲಿ ಅಪ್ಪನ ಹಟ ಇದೆ. ಮೂರು ಸಲ "ಹೊಂಟ್ವಿ" ಅಂದದ್ದರಲ್ಲಿ ದಾರಿಯ ಉದ್ದ ಇದೆ. ಹುಡುಗ ಅದನ್ನು ಪುನರುಕ್ತಿ ಅಂದುಕೊಂಡು ತೆಗೆದ.

ಹಾಗಾದರೆ ಏನನ್ನು ತೆಗೆಯಬಹುದು? ಎರಡೂ "ಏನಪಾ ಅಂದ್ರ" ತೆಗೆಯಿರಿ. ಅದು ಅಜ್ಜಿ ಉಸಿರು ತೆಗೆದುಕೊಳ್ಳುವ ಜಾಗ, ಇಡೀ ಮಾತುಕತೆಯಲ್ಲಿ ಅಲ್ಲೊಂದು ಇಲ್ಲೊಂದು ಉಳಿದರೆ ಸಾಕು. ಅರ್ಧಕ್ಕೆ ಬಿಟ್ಟು ಮತ್ತೆ ಶುರು ಮಾಡಿದ ಮಾತಿನಲ್ಲಿ ಮೊದಲ ಅರ್ಧ ಬಿಡಿ. "ಬಾಗಲಾನೂ" ಅನ್ನುವುದನ್ನು "ಬಾಗಿಲನ್ನೂ" ಮಾಡಿದರೆ ಏನೂ ಕೆಡುವುದಿಲ್ಲ, ಓದುವವರಿಗೆ ಸಲೀಸು. ಆದರೆ "ಹೇಳಿದ್ರಂತ", "ಬ್ಯಾಡಂದ", "ಹೊಂಟ್ವಿ" ಇದ್ದ ಹಾಗೇ ಇರಲಿ. ಮತ್ತೆ ಹೇಳುತ್ತೇನೆ, ಕ್ರಿಯಾಪದಕ್ಕೆ ಕೈ ಹಚ್ಚಬೇಡಿ.

ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಕೆಮ್ಮು, ಹೂಂ, ಹಾಂ ಎಲ್ಲಾ ಬರೆದು, ಒಂದೇ ಮಾತನ್ನು ಒಂದು ಪುಟದಲ್ಲಿ "ಹೊಂಟ್ವಿ", ಇನ್ನೊಂದರಲ್ಲಿ "ಹ್ವಂಟಿವಿ" ಮಾಡುತ್ತಾರೆ. ಒಂದು ಕಾಗುಣಿತ ಹಿಡಿದರೆ ಕೊನೆಯವರೆಗೂ ಅದೇ ಇರಲಿ.

ಸಮಯ ಆಗುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ನೀವು ಸೇರಿಸಿದ ಪದ ಕಂಸದಲ್ಲಿರಲಿ. ನಕ್ಕರೆ, ಸುಮ್ನೆ ಕೂತರೆ ಅದನ್ನೂ ಕಂಸದಲ್ಲಿ ಬರೆಯಿರಿ. ಪುಟದ ಅಂಚಿನಲ್ಲಿ ರೆಕಾರ್ಡಿಂಗ್‌ನ ನಿಮಿಷ ಗುರುತು ಹಾಕಿ. ಬರೆದದ್ದನ್ನು ಅಜ್ಜಿಯ ಮುಂದೆ ಕೂತು ಗಟ್ಟಿಯಾಗಿ ಓದಿ. "ನಾ ಹಂಗ ಅಂದಿಲ್ಲಪಾ" ಅಂತ ಆಕೆ ಅಂದರೆ, ವಾದ ಮಾಡಬೇಡಿ, ಆ ನಿಮಿಷಕ್ಕೆ ಹೋಗಿ ಇಬ್ಬರೂ ಇನ್ನೊಮ್ಮೆ ಕೇಳಿ. ನಮಸ್ಕಾರ.