ನಷ್ಟದ ಷೇರಿಗೆ ಪುಕ್ಕಟೆ ರಿಪೇರಿಯೇ? ಲೆಕ್ಕ ಬಿಡಿಸಿ ನೋಡೋಣ

ನಮಸ್ಕಾರ. ಕೊಡಗಿನಲ್ಲಿ ಕಾಫಿ, ಕರಿಮೆಣಸು ಮಾರಿದ ಹಣದ ಒಂದು ಪಾಲು ಈಗ ಷೇರುಪೇಟೆಗೂ ಹೋಗುತ್ತದೆ. ಹೋದ ಹಣ ಕರಗಿದಾಗ ಬರುವ ಸಲಹೆಗಳಲ್ಲಿ ಒಂದನ್ನು ಇವತ್ತು ಬಿಡಿಸಿ ನೋಡೋಣ. ಅದರ ಹೆಸರು ‘ಸ್ಟಾಕ್ ರಿಪೇರಿ’. ಖರ್ಚಿಲ್ಲದೆ ಅಸಲಿನ ಬೆಲೆಯನ್ನು ಇಳಿಸಿಕೊಳ್ಳಬಹುದು ಎನ್ನುತ್ತಾರೆ. ತಂತ್ರದಲ್ಲಿ ತಪ್ಪಿಲ್ಲ. ‘ಖರ್ಚಿಲ್ಲದೆ’ ಎಂಬ ಮಾತಿನ ಮೇಲೆ ಮಾತ್ರ ನನಗೆ ತಕರಾರಿದೆ.

ಸಿದ್ದಾಪುರದ ಕಡೆಯ ಬೆಳೆಗಾರರೊಬ್ಬರು ಕೇಳಿದ ಪ್ರಶ್ನೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಕಂಪನಿಯ ಹೆಸರು ಬೇಡ, ಅಂಕಿಗಳನ್ನೂ ದುಂಡಾಗಿಸಿದ್ದೇನೆ. ಅವರ ಬಳಿ 1,000 ಷೇರುಗಳಿವೆ. ಕೊಂಡದ್ದು 700 ರೂಪಾಯಿಗೆ, ಈಗಿನ ಬೆಲೆ 600. ಆ ಕಂಪನಿಯ ಆಪ್ಷನ್ ಲಾಟ್, ಅಂದರೆ ಆಪ್ಷನ್ ವಹಿವಾಟಿನ ಒಂದು ಕಟ್ಟು, ಕೂಡ 1,000 ಷೇರಿನದು. ಇದು ಮುಖ್ಯ, ಏಕೆಂದರೆ ಲಾಟಿನಷ್ಟು ಷೇರು ಇಲ್ಲದವರಿಗೆ ಈ ಇಡೀ ಮಾತು ಅನ್ವಯಿಸುವುದಿಲ್ಲ. 300 ಷೇರು ಇಟ್ಟುಕೊಂಡು ಇದಕ್ಕೆ ಕೈ ಹಾಕಿದರೆ ಉಳಿದ 700 ಷೇರುಗಳ ಮಟ್ಟಿಗೆ ನೀವು ಬರಿಗೈಯಲ್ಲಿ ಕಾಲ್ ಮಾರಿದಂತೆ. ಕಾಲ್ ಎಂದರೆ ಗೊತ್ತಾದ ದಿನ, ಗೊತ್ತಾದ ಬೆಲೆಗೆ ಷೇರು ಕೊಳ್ಳುವ ಹಕ್ಕು; ಅದನ್ನು ಮಾರಿದವನು ಆ ಬೆಲೆಗೆ ಷೇರು ಕೊಡಲೇಬೇಕು. ಆ ಬೆಲೆಯೇ ಸ್ಟ್ರೈಕ್, ಆ ದಿನವೇ ಎಕ್ಸ್‌ಪೈರಿ, ಹಕ್ಕಿಗೆ ಕೊಡುವ ಹಣವೇ ಪ್ರೀಮಿಯಂ.

ಇಂತಹ ಸ್ಥಿತಿಯಲ್ಲಿ ಎಲ್ಲರೂ ಮಾಡುವುದು ಸರಾಸರಿ. 600ಕ್ಕೆ ಇನ್ನೂ 1,000 ಷೇರು ಕೊಂಡರೆ ಸರಾಸರಿ 650ಕ್ಕೆ ಇಳಿಯುತ್ತದೆ. ಆದರೆ ಆರು ಲಕ್ಷ ಹೊಸದಾಗಿ ಬೇಕು, ಮುಂದೆ ಬಿದ್ದರೆ ಪೆಟ್ಟು ಎರಡರಷ್ಟು. ರಿಪೇರಿ ತಂತ್ರ ಅದೇ 650ನ್ನು ಬೇರೆ ದಾರಿಯಲ್ಲಿ ತಲುಪುತ್ತದೆ. 600 ಸ್ಟ್ರೈಕ್‌ನ ಒಂದು ಲಾಟ್ ಕಾಲ್ ಕೊಳ್ಳಬೇಕು, 650 ಸ್ಟ್ರೈಕ್‌ನ ಎರಡು ಲಾಟ್ ಕಾಲ್ ಮಾರಬೇಕು. ಒಂದು ಕೊಂಡು ಎರಡು ಮಾರುವುದರಿಂದ ಇದು ರೇಶಿಯೊ ಕಾಲ್ ಸ್ಪ್ರೆಡ್. ಮಾರಿ ಬಂದ ಪ್ರೀಮಿಯಂ ಕೊಂಡದ್ದರ ಪ್ರೀಮಿಯಂಗೆ ಸರಿಹೋದರೆ ಕೈಯಿಂದ ಏನೂ ಹೋಗುವುದಿಲ್ಲ.

ಎಕ್ಸ್‌ಪೈರಿ ದಿನ ಷೇರು 650ರಲ್ಲಿ ನಿಂತಿತು ಎನ್ನಿ. ಷೇರಿನಲ್ಲಿ 50 ನಷ್ಟ, ಕೊಂಡ ಕಾಲ್‌ನಲ್ಲಿ 50 ಲಾಭ, ಮಾರಿದ ಕಾಲ್‌ಗಳು ಸೊನ್ನೆ. ಅಲ್ಲಿಗೆ ಅಸಲು. 600ರ ಕೆಳಗೆ ಹೋದರೆ ಆಪ್ಷನ್‌ಗಳೆಲ್ಲ ಸೊನ್ನೆಯಾಗಿ, ಷೇರಿನ ನಷ್ಟ ಮಾತ್ರ ಉಳಿಯುತ್ತದೆ. ಬೀಳುವ ಷೇರನ್ನು ಈ ತಂತ್ರ ಹಿಡಿದು ನಿಲ್ಲಿಸುವುದಿಲ್ಲ. ಮೇಲೆ ಹೋದರೆ? 800ಕ್ಕೆ ಹಾರಿದರೂ ನಿಮಗೆ ಸಿಗುವುದು ಅದೇ ಅಸಲು. ಷೇರಿನ 100 ಮತ್ತು ಕೊಂಡ ಕಾಲ್‌ನ 200, ಎರಡನ್ನೂ ಮಾರಿದ ಕಾಲ್‌ಗಳ 300 ನುಂಗುತ್ತದೆ. ಬಳ್ಳಿಯ ಮೇಲಿರುವಾಗಲೇ ಮೆಣಸನ್ನು ಗುತ್ತಿಗೆಗೆ ಕೊಟ್ಟವನಂತೆ, ಆಮೇಲೆ ಬೆಲೆ ಎಷ್ಟೇ ಏರಿದರೂ ಕೇಳುವ ಹಕ್ಕಿಲ್ಲ.

ಇನ್ನು ಆ ‘ಪುಕ್ಕಟೆ’ಯ ವಿಷಯ. ಎಕ್ಸ್‌ಪೈರಿಗೆ ಒಂದು ತಿಂಗಳಿದೆ, ಷೇರಿನ ಏರಿಳಿತ ಸಾಧಾರಣ ಮಟ್ಟದಲ್ಲಿದೆ ಎಂದುಕೊಳ್ಳಿ. 600ರ ಕಾಲ್ ಸುಮಾರು 22 ರೂಪಾಯಿ ಇದ್ದರೆ, 650ರ ಕಾಲ್‌ಗೆ ಸಿಗುವುದು ಐದೂವರೆ. ಎರಡು ಮಾರಿದರೂ 11. ಅಂದರೆ ಷೇರಿಗೆ 11 ರೂಪಾಯಿ, ಒಟ್ಟು 11,000 ರೂಪಾಯಿ ಜೇಬಿನಿಂದ ಹೋಗುತ್ತದೆ. ಆಗ ಷೇರು 650 ಮುಟ್ಟಿದರೂ, ಅದನ್ನು ದಾಟಿದರೂ, ಷೇರಿಗೆ 11 ರೂಪಾಯಿ ನಷ್ಟ ಉಳಿದೇ ಉಳಿಯುತ್ತದೆ. ಖರ್ಚು ತಪ್ಪಿಸಲು 630ರ ಕಾಲ್ ಮಾರಬಹುದು. ಅದಕ್ಕೆ ಹತ್ತು ರೂಪಾಯಿಯಷ್ಟು ಸಿಗುವುದರಿಂದ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಆದರೆ 630ರಲ್ಲಿ ಷೇರಿನ ನಷ್ಟ 70, ಕಾಲ್‌ನ ಲಾಭ 30. ಷೇರಿಗೆ 40 ರೂಪಾಯಿ ನಷ್ಟಕ್ಕೆ ನೀವೇ ಬೀಗ ಹಾಕಿಕೊಂಡಂತಾಯಿತು.

ಪುಸ್ತಕದ ಲೆಕ್ಕ ಸರಿಹೋಗಬೇಕಾದರೆ ಮೂರು ತಿಂಗಳ ಆಪ್ಷನ್ ಬೇಕು. ದೂರದ ಸ್ಟ್ರೈಕ್‌ಗೆ ಬೆಲೆ ಬರುವುದು ಸಮಯ ಇದ್ದಾಗ. ನಮ್ಮಲ್ಲಿ ಷೇರು ಆಪ್ಷನ್‌ಗಳ ವಹಿವಾಟು ಹೆಚ್ಚಾಗಿ ಚಾಲ್ತಿ ತಿಂಗಳಲ್ಲೇ ನಡೆಯುತ್ತದೆ. ಮೂರನೆಯ ತಿಂಗಳ ಕಾಲ್ ತೆರೆದು ನೋಡಿ: ಕೊಳ್ಳುವವನ ಬೆಲೆಗೂ ಮಾರುವವನ ಬೆಲೆಗೂ ನಡುವೆ ಅನೇಕ ಸಲ ದೊಡ್ಡ ಅಂತರವಿರುತ್ತದೆ. ಮೂರು ಲಾಟ್‌ಗಳಲ್ಲಿ ಆ ಅಂತರ ಕಟ್ಟಿದರೆ ಪುಕ್ಕಟೆ ಎನ್ನುವುದು ಅಲ್ಲೇ ಮುಗಿಯಿತು. ಬೇರೆ ದೇಶದ ಪೇಟೆಯ ಉದಾಹರಣೆಯನ್ನು ರೂಪಾಯಿಗೆ ಬದಲಿಸಿ ಹೇಳುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಎರಡನೆಯ ಸಂಗತಿ ಸಮಯದ್ದು. ಮೊದಲ ವಾರದಲ್ಲೇ ಷೇರು 650 ಮುಟ್ಟಿತು ಎನ್ನಿ. ಖುಷಿಯಿಂದ ಮೊಬೈಲ್ ತೆರೆದರೆ ಷೇರಿಗೆ ಸುಮಾರು 46 ರೂಪಾಯಿ ನಷ್ಟ ಕಾಣುತ್ತದೆ. ಕೊಂಡ ಕಾಲ್ 55ಕ್ಕೆ ಏರಿದೆ ನಿಜ, ಆದರೆ ಐದೂವರೆಗೆ ಮಾರಿದ ಕಾಲ್‌ಗಳೂ ತಲಾ 20 ಆಗಿವೆ. ರಿಪೇರಿ ನಡೆಯುವುದು ದಿನಗಳು ಸವೆದಂತೆ, ಎಕ್ಸ್‌ಪೈರಿ ಹತ್ತಿರವಾದಾಗ. ಇಲ್ಲಿಯೇ ಜನ ಕೆಡುವುದು: ಲಾಭ ಕಂಡ ಕಾಲನ್ನು ಮೊದಲು ಮಾರಿಬಿಡುತ್ತಾರೆ. ಆಗ ಮಾರಿದ ಎರಡರಲ್ಲಿ ಒಂದಕ್ಕೆ ಷೇರಿನ ಆಸರೆ ಇದೆ, ಇನ್ನೊಂದಕ್ಕೆ ಯಾವುದೂ ಇಲ್ಲ. ಬಿಡಿಸಿಕೊಳ್ಳುವಾಗ ಮಾರಿದ್ದನ್ನು ಮೊದಲು ವಾಪಸ್ ಕೊಳ್ಳಬೇಕು, ಕೊಂಡದ್ದನ್ನು ಆಮೇಲೆ ಮಾರಬೇಕು. ಜುಲೈ ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ನಮ್ಮ ಊರುಗಳಲ್ಲಿ ಇದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು.

ಕೊನೆಯ ದಿನದ ಇನ್ನೊಂದು ಅಪಾಯವೂ ಇದೆ. 2019ರ ಅಕ್ಟೋಬರ್‌ನಿಂದ ಷೇರು ಆಪ್ಷನ್‌ಗಳೆಲ್ಲ ಷೇರು ಕೊಟ್ಟು ತೆಗೆದುಕೊಳ್ಳುವ ರೀತಿಯಲ್ಲೇ ಚುಕ್ತಾ ಆಗುತ್ತವೆ. 650ರ ಮೇಲೆ ಮುಗಿದರೆ ನಿಮ್ಮ ಡಿಮ್ಯಾಟ್‌ನಿಂದ 1,000 ಷೇರು ಹೋಗಬೇಕು. ಮಾರ್ಜಿನ್‌ಗಾಗಿ, ಅಂದರೆ ಕಾಲ್ ಮಾರಲು ಇಡಬೇಕಾದ ಭದ್ರತೆಗಾಗಿ, ಅವೇ ಷೇರುಗಳನ್ನು ಅಡವಿಟ್ಟಿದ್ದರೆ ಮೊದಲೇ ಬಿಡಿಸಿಕೊಂಡಿರಬೇಕು, ಇಲ್ಲದಿದ್ದರೆ ಷೇರು ಕೊಡಲಾಗದ್ದಕ್ಕೆ ಹರಾಜಿನ ದಂಡ. ಮಾರ್ಜಿನ್ ಬೇಕೇ ಎಂದು ಕೇಳುವವರಿಗೆ: ಷೇರು ನಿಮ್ಮ ಖಾತೆಯಲ್ಲಿ ಸುಮ್ಮನೆ ಇದ್ದ ಮಾತ್ರಕ್ಕೆ ಎರಡನೆಯ ಕಾಲ್‌ನ ಮಾರ್ಜಿನ್ ಮನ್ನಾ ಆಗುವುದಿಲ್ಲ. ಈ ಗಾತ್ರಕ್ಕೆ ಲಕ್ಷದ ಆಸುಪಾಸು ಬೇಕಾಗುತ್ತದೆ. ಅಡವಿಟ್ಟರೂ ಅರ್ಧದಷ್ಟು ನಗದಿನ ರೂಪದಲ್ಲೇ ಇರಬೇಕು.

ಹಾಗಾದರೆ ಯಾರಿಗೆ ಇದು ಸರಿ? ಬಿದ್ದದ್ದು ಶೇಕಡಾ ಎಂಟು ಹತ್ತರಷ್ಟು ಮಾತ್ರ, ಪೂರ್ಣ ಲಾಟ್ ಇದೆ, ನಗದು ಇದೆ, ಅಸಲು ಬಂದರೆ ಸಾಕು, ಹೊರಬರುತ್ತೇನೆ ಎಂಬ ಮನಸ್ಸಿದೆ. ಅಂಥವರಿಗೆ ನಾನು ಬೇಡ ಎನ್ನುವುದಿಲ್ಲ. ಶೇಕಡಾ 40 ಬಿದ್ದ ಷೇರಿಗೆ, ಕೊಂಡ ಬೆಲೆಗೂ ಈಗಿನ ಬೆಲೆಗೂ ನಡುವಿನ ಸ್ಟ್ರೈಕ್ ಎಷ್ಟು ದೂರ ಇರುತ್ತದೆಂದರೆ ಅದಕ್ಕೆ ಪ್ರೀಮಿಯಂ ಹೆಸರಿಗಷ್ಟೇ. ಷೇರು ಜೋರಾಗಿ ಏಳುತ್ತದೆ ಎಂದು ನಂಬಿದವರಂತೂ ಇದರ ಹತ್ತಿರ ಸುಳಿಯಬಾರದು.

ತೆರಿಗೆಯ ಮಾತು ಬಾಕಿ ಇದೆ. ಎಕ್ಸ್‌ಪೈರಿಯಲ್ಲಿ ಷೇರು ಸರಿಯಾಗಿ 650ಕ್ಕೆ ಬಂದರೆ ಸಿದ್ದಾಪುರದವರಿಗೆ ಆಪ್ಷನ್‌ನಲ್ಲಿ 39,000 ಲಾಭ, ಷೇರಿನಲ್ಲಿ 50,000 ನಷ್ಟ. ಆಪ್ಷನ್‌ನ ಲಾಭ ವ್ಯಾಪಾರದ ಆದಾಯ, ಷೇರಿನದು ಬಂಡವಾಳ ನಷ್ಟ. ಬಂಡವಾಳ ನಷ್ಟವನ್ನು ವ್ಯಾಪಾರದ ಆದಾಯಕ್ಕೆ ವಜಾ ಹಾಕಲು ಬರುವುದಿಲ್ಲ. ಮುಂದೆ ಬಂಡವಾಳ ಲಾಭ ಬಂದರೆ ಅದಕ್ಕೆ ಹೊಂದಿಸಿಕೊಳ್ಳಲು ಎಂಟು ವರ್ಷ ಕಾಯಬಹುದು ಅಷ್ಟೆ. ಶೇಕಡಾ 30ರ ದರದಲ್ಲಿ 39,000ಕ್ಕೆ 11,700 ತೆರಿಗೆ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವೆಂದು ಬೆಳೆಗಾರರು ನಿಶ್ಚಿಂತರಾಗಿರುತ್ತಾರೆ, ಆದರೆ ಇತರ ಆದಾಯ ವಿನಾಯಿತಿ ಮಿತಿ ದಾಟಿದರೆ ದರ ನಿರ್ಧರಿಸುವಾಗ ಅದನ್ನೂ ಕೂಡಿಸುತ್ತಾರೆ. ಹೀಗೆ 11 ರೂಪಾಯಿಯ ನಷ್ಟ ಷೇರಿಗೆ 22 ರೂಪಾಯಿ ದಾಟಿತು. ಇದನ್ನೆಲ್ಲ ಕಾಗದದ ಮೇಲೆ ಬರೆದು ನೋಡಿದ ಮೇಲೆ ಅವರು 500 ಷೇರುಗಳನ್ನು ನಷ್ಟಕ್ಕೇ ಮಾರಿದರು. ಉಳಿದ 500 ಯಾವ ಕಾಲೂ ಇಲ್ಲದೆ ಹಾಗೆಯೇ ಇವೆ.